ತಂಡ ಬೇರೊಬ್ಬರನ್ನು ನಿರೀಕ್ಷಿಸಿದ್ದಾಗ ಹೊಸ ಮುಖ್ಯಸ್ಥರ ಮೊದಲ ಮಾತು

ವಿಭಾಗದ ಮುಖ್ಯಸ್ಥರ ಹುದ್ದೆ ತೆರವಾಗಿ, ಒಳಗಿನವರೇ ಒಬ್ಬರು ತಿಂಗಳುಗಟ್ಟಲೆ ಪ್ರಭಾರ ವಹಿಸಿಕೊಂಡು ಕೆಲಸ ನಡೆಸಿ, ಹುದ್ದೆ ಅವರಿಗೇ ಸಿಗುತ್ತದೆಂದು ಎಲ್ಲರೂ ನಂಬಿಕೊಂಡಿರುವಾಗ, ಆದೇಶದಲ್ಲಿ ಬೇರೆಯವರ ಹೆಸರು ಬರುವುದುಂಟು. ಆ ಹೆಸರು ನಿಮ್ಮದಾಗಿದ್ದರೆ, ಅಧಿಕಾರ ವಹಿಸಿಕೊಂಡ ದಿನ ತಂಡದ ಮುಂದೆ ಏನು ಹೇಳಬೇಕು, ಏನನ್ನು ಹೇಳಬಾರದು ಮತ್ತು ಅದಕ್ಕೂ ಮೊದಲು ಯಾರನ್ನು ಕಾಣಬೇಕು ಎಂಬುದನ್ನು ಈ ಲೇಖನ ಕ್ರಮವಾಗಿ ವಿವರಿಸುತ್ತದೆ. ತಂಡ ನಿರೀಕ್ಷಿಸಿದ್ದ ವ್ಯಕ್ತಿ ಸಂಸ್ಥೆಯನ್ನೇ ಬಿಟ್ಟು ಹೋಗಿದ್ದರೆ ಸಮಸ್ಯೆ ಅರ್ಧ ಕಡಿಮೆ. ಇಲ್ಲಿ ನಾವು ನೋಡುತ್ತಿರುವುದು ಅವರು ಅದೇ ಕೋಣೆಯಲ್ಲಿ ನಿಮ್ಮ ಎದುರಿಗೇ ಕುಳಿತು ನಿಮ್ಮ ಮಾತು ಕೇಳುವ ಸಂದರ್ಭವನ್ನು.

ವಿವರಣೆಗಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 14 ಜನರಿರುವ ಗುಣಮಟ್ಟ ಪರೀಕ್ಷಾ ವಿಭಾಗ. ಹಿಂದಿನ ಮುಖ್ಯಸ್ಥರು ನಿವೃತ್ತರಾದ ಮೇಲೆ ಹಿರಿಯ ವಿಶ್ಲೇಷಕಿಯೊಬ್ಬರು 8 ತಿಂಗಳು ಪ್ರಭಾರದಲ್ಲಿದ್ದರು. ಆ ಅವಧಿಯಲ್ಲಿ ಅವರು ಪಾಳಿಯ ಪಟ್ಟಿಯನ್ನು ಬದಲಿಸಿದ್ದಾರೆ, ಹೊಸ ಉಪಕರಣವೊಂದಕ್ಕೆ ಪ್ರಸ್ತಾವನೆ ಕಳುಹಿಸಿದ್ದಾರೆ, ಗುತ್ತಿಗೆಯ ಮೇಲಿರುವ ಕಿರಿಯ ಸಹಾಯಕರೊಬ್ಬರಿಗೆ ಅವಧಿ ವಿಸ್ತರಣೆಯ ಭರವಸೆ ಕೊಟ್ಟಿದ್ದಾರೆ. ಹೊಸ ಮುಖ್ಯಸ್ಥರು ಅದೇ ಸಂಸ್ಥೆಯ ಬೇರೊಂದು ಘಟಕದಿಂದ ಬರುತ್ತಿದ್ದಾರೆ. ತಂಡದವರು ಅವರನ್ನು ದ್ವೇಷಿಸುತ್ತಿಲ್ಲ, ಆದರೆ ಅವರಿಗಾಗಿ ಕಾದೂ ಇಲ್ಲ.

ನೇಮಕ ಮಾಡಿದವರಿಂದ ತಿಳಿಯಬೇಕಾದದ್ದು

ಭಾಷಣ ಬರೆಯಲು ಕುಳಿತುಕೊಳ್ಳುವ ಮೊದಲು ನಿಮ್ಮನ್ನು ನೇಮಿಸಿದ ಅಧಿಕಾರಿಯನ್ನು ಕಂಡು ನಾಲ್ಕು ವಿಷಯಗಳನ್ನು ಸ್ಪಷ್ಟವಾಗಿ ಕೇಳಿಕೊಳ್ಳಿ. ಪ್ರಭಾರದಲ್ಲಿದ್ದವರು ಅರ್ಜಿ ಹಾಕಿದ್ದರೇ? ಅವರಿಗೆ ಫಲಿತಾಂಶವನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ತಿಳಿಸಿದರು? ತಂಡಕ್ಕೆ ಏನೆಂದು ತಿಳಿಸಲಾಗಿದೆ? ಆಯ್ಕೆಯ ಬಗ್ಗೆ ಯಾರಾದರೂ ಪ್ರಶ್ನಿಸಿದರೆ ಉತ್ತರಿಸುವ ಹೊಣೆ ಯಾರದು?

ಇವುಗಳಲ್ಲಿ ಎರಡನೆಯದು ಅತಿ ಮುಖ್ಯ. ಅವರಿಗೆ ಯಾರೂ ಮುಖಾಮುಖಿಯಾಗಿ ಹೇಳಿಲ್ಲ, ಎಲ್ಲರ ಜೊತೆಗೇ ಸೂಚನಾ ಫಲಕದಲ್ಲೋ ಇ-ಮೇಲ್‌ನಲ್ಲೋ ನೋಡಿ ತಿಳಿದುಕೊಂಡಿದ್ದಾರೆ ಎಂದು ಗೊತ್ತಾದರೆ, ನಿಮ್ಮ ಸಭೆಯನ್ನು ಒಂದು ದಿನ ಮುಂದಕ್ಕೆ ಹಾಕಿ, ಮೊದಲು ಆ ಅಧಿಕಾರಿಯೇ ಅವರೊಡನೆ ಕುಳಿತು ಮಾತನಾಡುವಂತೆ ಕೇಳಿಕೊಳ್ಳಿ. ಈ ಕೆಲಸವನ್ನು ನೀವು ಅವರ ಪರವಾಗಿ ಮಾಡಲು ಹೋಗಬಾರದು. ಹುದ್ದೆ ಪಡೆದವರೇ ಬಂದು, ಅದು ಸಿಗದವರಿಗೆ ಕಾರಣ ವಿವರಿಸುವುದಕ್ಕಿಂತ ಹೆಚ್ಚು ನೋಯಿಸುವಂಥದ್ದು ಈ ಸಂದರ್ಭದಲ್ಲಿ ಬೇರೊಂದಿಲ್ಲ.

ಕಾರಣಗಳನ್ನು ಕೇಳಿ ತಿಳಿದುಕೊಳ್ಳುವ ಆಸೆ ನಿಮಗೂ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೇಳದಿರುವುದೇ ಲೇಸು. ಸಂದರ್ಶನದಲ್ಲಿ ಅವರು ಎಲ್ಲಿ ಹಿಂದೆ ಬಿದ್ದರು ಎಂಬುದು ನಿಮಗೆ ಗೊತ್ತಿದ್ದರೆ, ‘ನನಗೆ ತಿಳಿದಿಲ್ಲ’ ಎಂದು ತಂಡದ ಮುಂದೆ ಪ್ರಾಮಾಣಿಕವಾಗಿ ಹೇಳಲಾಗುವುದಿಲ್ಲ.

ಸಭೆಗೆ ಮೊದಲಿನ ಖಾಸಗಿ ಭೇಟಿ

ಮೊದಲ ಮಾತು ಹೇಗಾಗುತ್ತದೆ ಎಂಬುದು ಹೆಚ್ಚಿನ ಮಟ್ಟಿಗೆ ಈ ಭೇಟಿಯಲ್ಲೇ ತೀರ್ಮಾನವಾಗುತ್ತದೆ. ಸಭೆಯ ಹಿಂದಿನ ದಿನ, ಇಲ್ಲವೇ ಕನಿಷ್ಠ ಪಕ್ಷ ಅದೇ ದಿನ ಬೆಳಿಗ್ಗೆ, ನಿರೀಕ್ಷಿತ ವ್ಯಕ್ತಿಯನ್ನು ಅವರ ಮೇಜಿನ ಬಳಿಗೇ ಹೋಗಿ ಭೇಟಿಯ ಸಮಯ ಕೇಳಿ. ಮಾತುಕತೆಯನ್ನು ನಿಮ್ಮ ಹೊಸ ಕೊಠಡಿಯಲ್ಲಿ ಇಟ್ಟುಕೊಳ್ಳಬೇಡಿ. 8 ತಿಂಗಳು ತಾವೇ ಬಳಸಿದ ಕುರ್ಚಿಯ ಎದುರಿಗೆ ಅತಿಥಿಯಂತೆ ಕುಳಿತುಕೊಳ್ಳುವ ಪರಿಸ್ಥಿತಿಯನ್ನು ಅವರಿಗೆ ತರುವುದು ಬೇಡ. ಖಾಲಿ ಇರುವ ಸಭಾ ಕೊಠಡಿ ಸಾಕು, ಅರ್ಧ ಗಂಟೆ ಸಾಕು.

ಈ ಭೇಟಿಯಲ್ಲಿ ಹೇಳಬೇಕಾದದ್ದು ಕಡಿಮೆ, ಕೇಳಬೇಕಾದದ್ದು ಹೆಚ್ಚು. ಉದಾಹರಣೆಯ ವಿಭಾಗದಲ್ಲಿ ಮಾತು ಹೀಗೆ ಆರಂಭವಾಗಬಹುದು: ‘ಮೇಡಂ, ನಾಳೆ ಎಲ್ಲರ ಮುಂದೆ ಮಾತನಾಡುವ ಮೊದಲು ನಿಮ್ಮನ್ನು ಕಾಣಬೇಕೆನಿಸಿತು. ಈ ಹುದ್ದೆಗೆ ನಿಮ್ಮ ಹೆಸರು ಇತ್ತು ಎಂಬುದು ನನಗೆ ಗೊತ್ತು. ಅದರ ಬಗ್ಗೆ ನೀವು ನನ್ನೊಡನೆ ಮಾತನಾಡಲೇಬೇಕೆಂದೇನೂ ಇಲ್ಲ. ನಾಳೆ ನಿಮ್ಮ ವಿಷಯದಲ್ಲಿ ನಾನು ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ಮಾತ್ರ ನಿಮ್ಮಿಂದಲೇ ತಿಳಿದುಕೊಳ್ಳಲು ಬಂದೆ.’ ಕೊನೆಯ ವಾಕ್ಯವೇ ಈ ಭೇಟಿಯ ಉದ್ದೇಶ. ತಮ್ಮ ಹೆಸರು ಸಭೆಯಲ್ಲಿ ಬರುವುದೇ ಬೇಡ ಎನ್ನುವವರಿದ್ದಾರೆ, ಪ್ರಭಾರದ ಅವಧಿಯಲ್ಲಿ ಮಾಡಿದ ಕೆಲಸವನ್ನು ನೆನೆದರೆ ಸಾಕು ಎನ್ನುವವರಿದ್ದಾರೆ, ಅಂದು ರಜೆಯ ಮೇಲಿರುತ್ತೇನೆ ಎನ್ನುವವರೂ ಇದ್ದಾರೆ. ಮೂರೂ ಒಪ್ಪತಕ್ಕವೇ. ರಜೆ ಕೇಳಿದರೆ ತಡೆಯದೆ, ಗೈರುಹಾಜರಿಗೆ ಏನು ಹೇಳಬೇಕೆಂಬುದನ್ನು ಅವರನ್ನೇ ಕೇಳಿ, ಅಷ್ಟನ್ನೇ ಹೇಳಿ.

ಎರಡನೆಯ ಪ್ರಶ್ನೆ ಕೆಲಸಕ್ಕೆ ಸಂಬಂಧಿಸಿದ್ದು: ‘ನಿಮ್ಮ ಅವಧಿಯಲ್ಲಿ ಯಾರಿಗೆ ಏನು ಮಾತು ಕೊಟ್ಟಿದ್ದೀರಿ?’ ಪಾಳಿಯ ಬದಲಾವಣೆ ಮತ್ತು ಉಪಕರಣದ ಪ್ರಸ್ತಾವನೆ ಕಡತದಲ್ಲಿ ಸಿಗುತ್ತವೆ. ಗುತ್ತಿಗೆಯ ಸಹಾಯಕರಿಗೆ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಯಾವ ಕಡತದಲ್ಲೂ ಇರುವುದಿಲ್ಲ, ಆದರೆ ಸಭೆಯಲ್ಲಿ ಆ ಸಹಾಯಕರ ಮನಸ್ಸಿನಲ್ಲಿ ಅದೊಂದೇ ಇರುತ್ತದೆ. ಇಂಥ ಭರವಸೆಗಳನ್ನೆಲ್ಲ ಬರೆದುಕೊಳ್ಳಿ. ಅವುಗಳನ್ನು ನಡೆಸಿಕೊಡುತ್ತೀರೆಂದು ಅಲ್ಲೇ ಒಪ್ಪಿಕೊಳ್ಳಬೇಡಿ, ತಳ್ಳಿಹಾಕಲೂ ಬೇಡಿ.

ಭೇಟಿಯಲ್ಲಿ ಕೆಲವು ಮಾತುಗಳು ಸೌಜನ್ಯವೆಂಬಂತೆ ಬಾಯಿಗೆ ಬರುತ್ತವೆ, ಅವನ್ನು ತಡೆಯಿರಿ. ‘ನಾನು ಈ ಹುದ್ದೆಯನ್ನು ಬಯಸಿರಲಿಲ್ಲ’ ಎಂದರೆ, ತಾವು ಬಯಸಿದ್ದು ಬಯಸದವರ ಪಾಲಾಯಿತೆಂಬ ಇನ್ನೊಂದು ಬೇಸರ ಸೇರಿಕೊಳ್ಳುತ್ತದೆ. ‘ನೀವೇ ನಿಜವಾದ ಮುಖ್ಯಸ್ಥರು, ನಾನು ಹೆಸರಿಗೆ ಮಾತ್ರ’ ಎಂಬುದು ಸುಳ್ಳು, ಮತ್ತು ಮೊದಲ ಭಿನ್ನಾಭಿಪ್ರಾಯ ಬಂದ ದಿನವೇ ಅದು ಬಯಲಾಗುತ್ತದೆ. ‘ಮುಂದಿನ ಬಾರಿ ನಿಮಗೇ ಸಿಗುವಂತೆ ನೋಡಿಕೊಳ್ಳುತ್ತೇನೆ’ ಎನ್ನುವ ಅಧಿಕಾರ ನಿಮಗಿಲ್ಲ.

ಮಾತನ್ನು ಬರೆಯುವ ಕ್ರಮ

ಏಳೆಂಟು ನಿಮಿಷದ ಮಾತು, ಅಷ್ಟೇ ಹೊತ್ತಿನ ಪ್ರಶ್ನೋತ್ತರ; ಇದಕ್ಕಿಂತ ಉದ್ದ ಬೇಡ. ಕೇಳುವವರ ಮನಸ್ಸಿನಲ್ಲಿ ಆ ಹೊತ್ತಿಗೆ ಇರುವ ಪ್ರಶ್ನೆಗಳು ಕೆಲವೇ: ಈಗ ಮೇಡಂ ಏನಾಗುತ್ತಾರೆ, ನನ್ನ ಪಾಳಿ ಮತ್ತು ರಜೆಯ ಗತಿಯೇನು, ನಾವು ಬೇರೆಯವರನ್ನು ಬಯಸಿದ್ದೆವೆಂಬುದು ಇವರಿಗೆ ತಿಳಿದಿದೆಯೇ. ನಿಮ್ಮ ವಿದ್ಯಾರ್ಹತೆ, ಹಿಂದಿನ ಸಾಧನೆ, ವಿಭಾಗದ ಬಗೆಗಿನ ನಿಮ್ಮ ಕನಸು ಇವ್ಯಾವುವೂ ಆ ಪ್ರಶ್ನೆಗಳಿಗೆ ಉತ್ತರವಲ್ಲ. ಅಲ್ಲದೆ ಈ ಸಭೆಯಲ್ಲಿ ನಿಮ್ಮ ಅರ್ಹತೆಯನ್ನು ನೀವೇ ಹೇಳಿಕೊಂಡರೆ, ಅದು ಅಲ್ಲೇ ಕುಳಿತಿರುವವರೊಡನೆ ಹೋಲಿಕೆಯಂತೆ ಕೇಳಿಸುತ್ತದೆ. ನಿಮ್ಮ ಪರಿಚಯವನ್ನು ನೇಮಕ ಮಾಡಿದ ಅಧಿಕಾರಿ ಎರಡು ವಾಕ್ಯಗಳಲ್ಲಿ ಮಾಡಿಕೊಟ್ಟು ಕೋಣೆಯಿಂದ ಹೊರಟುಹೋಗುವುದು ಒಳ್ಳೆಯದು. ಅವರು ಉಳಿದುಕೊಂಡರೆ ಪ್ರಶ್ನೆಗಳು ಬರುವುದಿಲ್ಲ.

ಹಾಗಾಗಿ ಮಾತಿನ ಆರಂಭದಲ್ಲೇ, ಹೆಚ್ಚೆಂದರೆ ಅರ್ಧ ನಿಮಿಷದೊಳಗೆ, ಎಲ್ಲರಿಗೂ ಗೊತ್ತಿರುವ ವಿಷಯವನ್ನು ಹೇಳಿಬಿಡಿ. ಉದಾಹರಣೆಯ ವಿಭಾಗದಲ್ಲಿ, ಖಾಸಗಿ ಭೇಟಿಯಲ್ಲಿ ಒಪ್ಪಿಗೆ ಸಿಕ್ಕಿದ್ದರೆ, ಅದು ಹೀಗಿರಬಹುದು:

‘ಎಲ್ಲರಿಗೂ ನಮಸ್ಕಾರ. ಈ ಸ್ಥಾನದಲ್ಲಿ ನಿಮ್ಮಲ್ಲಿ ಅನೇಕರು ಬೇರೆಯವರನ್ನು ನಿರೀಕ್ಷಿಸಿದ್ದಿರಿ ಎಂಬುದು ನನಗೆ ತಿಳಿದಿದೆ. ಕಳೆದ ಎಂಟು ತಿಂಗಳು ಈ ವಿಭಾಗವನ್ನು ಮೇಡಂ ನಡೆಸಿದ್ದಾರೆ, ಒಂದು ವರದಿಯೂ ಗಡುವು ಮೀರಿಲ್ಲ. ಆದ್ದರಿಂದ ನಿಮ್ಮ ನಿರೀಕ್ಷೆ ಸಹಜವಾದದ್ದು. ಆಯ್ಕೆಯನ್ನು ಮಾಡಿದವನು ನಾನಲ್ಲ, ಅದರ ವಿವರ ಹೇಳಬಲ್ಲವನೂ ನಾನಲ್ಲ. ಇಂದಿನಿಂದ ಇಲ್ಲಿನ ಕೆಲಸಕ್ಕೆ ಹೊಣೆ ನನ್ನದು. ಆ ಹೊಣೆಯ ಬಗ್ಗೆ ನೀವು ಏನು ಬೇಕಾದರೂ ಕೇಳಬಹುದು.’

ಇದರಲ್ಲಿ ಗಮನಿಸಬೇಕಾದ ಅಂಶಗಳಿವೆ. ‘ನಿರೀಕ್ಷಿಸಿದ್ದಿರಿ’ ಎಂಬುದು ನಡೆದ ಸಂಗತಿ. ‘ನಿಮಗೆ ಬೇಸರವಾಗಿದೆ’ ಎಂದಿದ್ದರೆ ಅದು ಕೇಳುಗರ ಮನಸ್ಸಿನೊಳಗೆ ನೀವು ಕೈಹಾಕಿದಂತೆ. ಬೇಸರವಾಗದವರಿಗೆ ಅದು ತಪ್ಪು, ಆದವರಿಗೆ ಮುಜುಗರ. ಮೇಡಂ ಬಗೆಗಿನ ಮೆಚ್ಚುಗೆ ಪರಿಶೀಲಿಸಬಹುದಾದ ಒಂದೇ ಸಂಗತಿಯ ಮೇಲೆ ನಿಂತಿದೆ. ‘ಅತ್ಯದ್ಭುತ ವ್ಯಕ್ತಿತ್ವ’, ‘ನನ್ನ ಬಲಗೈ’ ಎಂಬಂಥ ಹೊಗಳಿಕೆ ಇಲ್ಲಿ ಸಮಾಧಾನದ ಬಹುಮಾನದಂತೆ ಕೇಳಿಸುತ್ತದೆ, ಅದರಲ್ಲೂ ‘ಬಲಗೈ’ ಎನ್ನುವುದು ಅವರು ಈಗ ನಿಮ್ಮ ಕೆಳಗಿನವರು ಎಂದು ಎಲ್ಲರೆದುರು ಸಾರಿದಂತೆ. ಅವರನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಬೇಡಿ, ಎರಡು ಮಾತು ಆಡುವಂತೆ ಕೇಳಬೇಡಿ. ಒಪ್ಪಿದರೂ ಬೇಡ. ಆ ಕ್ಷಣದಲ್ಲಿ ಅವರ ಮುಖ, ದನಿ, ಮೌನ ಎಲ್ಲವನ್ನೂ 13 ಜನ ಓದುತ್ತಿರುತ್ತಾರೆ.

ಈ ವಿಷಯವನ್ನು ಒಮ್ಮೆ ಹೇಳಿದ ಮೇಲೆ ಮಾತಿನ ನಡುವೆ ಮತ್ತೆ ತರಬಾರದು. ಎರಡನೆಯ ಬಾರಿ ಹೇಳಿದಾಗ ಅದು ಕ್ಷಮೆ ಕೇಳಿದಂತೆ, ಮೂರನೆಯ ಬಾರಿ ನಿಮಗೇ ನಿಮ್ಮ ಸ್ಥಾನದಲ್ಲಿ ನಂಬಿಕೆಯಿಲ್ಲದಂತೆ ಕಾಣುತ್ತದೆ.

ಬದಲಾಗದಿರುವುದು, ಯಾವ ದಿನಾಂಕದವರೆಗೆ

ಮಾತಿನ ಎರಡನೆಯ ಭಾಗ ಅತಿ ಉದ್ದವಾಗಿರಬೇಕು ಮತ್ತು ಅದರಲ್ಲಿ ಭಾವನೆಯ ಮಾತು ಇರಬಾರದು. ‘ಸದ್ಯಕ್ಕೆ ಏನೂ ಬದಲಾಗುವುದಿಲ್ಲ’ ಎಂಬ ವಾಕ್ಯವನ್ನು ಯಾರೂ ನಂಬುವುದಿಲ್ಲ, ಏಕೆಂದರೆ ‘ಸದ್ಯಕ್ಕೆ’ ಎಂಬುದು ನಾಳೆ ಬೆಳಿಗ್ಗೆಯೂ ಮುಗಿಯಬಹುದು. ಅದರ ಬದಲು ಹೀಗೆ ಹೇಳಬಹುದು: ‘ಈಗಿನ ಪಾಳಿಯ ಪಟ್ಟಿ ಮುಂದಿನ ತಿಂಗಳ 30ರವರೆಗೆ ಹೀಗೆಯೇ ಇರುತ್ತದೆ. ಮಂಜೂರಾಗಿರುವ ರಜೆಗಳೆಲ್ಲ ಊರ್ಜಿತ. ಉಪಕರಣದ ಪ್ರಸ್ತಾವನೆ ಹಣಕಾಸು ವಿಭಾಗದಲ್ಲಿದೆ, ಅದನ್ನು ನಾನು ಹಿಂಪಡೆಯುವುದಿಲ್ಲ.’ ಪ್ರತಿಯೊಂದನ್ನೂ ಹೇಳುವ ಮೊದಲು ಅದು ನಿಮ್ಮ ಅಧಿಕಾರದಲ್ಲಿದೆಯೇ ಎಂದು ಪರಿಶೀಲಿಸಿಕೊಂಡಿರಬೇಕು.

ಗುತ್ತಿಗೆಯ ಸಹಾಯಕರ ವಿಷಯ ಬೇರೆ. ಅದು ನಿಮ್ಮೊಬ್ಬರ ಕೈಯಲ್ಲಿಲ್ಲ, ಮತ್ತು ಎಲ್ಲರ ಮುಂದೆ ಒಬ್ಬರ ಉದ್ಯೋಗದ ಮಾತೆತ್ತುವುದು ಸರಿಯೂ ಅಲ್ಲ. ಸಭೆಯಲ್ಲಿ ‘ಕೆಲವರಿಗೆ ವೈಯಕ್ತಿಕವಾಗಿ ಕೊಟ್ಟ ಮಾತುಗಳಿವೆ ಎಂದು ತಿಳಿದಿದೆ, ಅವರನ್ನು ಶುಕ್ರವಾರದೊಳಗೆ ನಾನೇ ಕಂಡು ಸ್ಥಿತಿಯನ್ನು ತಿಳಿಸುತ್ತೇನೆ’ ಎಂದಷ್ಟೇ ಹೇಳಿ. ಶುಕ್ರವಾರದ ಹೊತ್ತಿಗೆ ಉತ್ತರ ಸಿಗದಿದ್ದರೂ ಅಂದು ಅವರನ್ನು ಕಾಣಬೇಕು.

ನಾಳೆಯಿಂದ ಯಾವ ಸಹಿ ಯಾರದು ಎಂಬುದನ್ನು ಬಹುತೇಕ ಹೊಸ ಮುಖ್ಯಸ್ಥರು ಹೇಳದೆ ಬಿಡುತ್ತಾರೆ, ಮತ್ತು ಮುಂದಿನ ತೊಡಕುಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. 8 ತಿಂಗಳ ಅಭ್ಯಾಸದಂತೆ ಜನ ರಜೆಯ ಅರ್ಜಿಯನ್ನು ಮೇಡಂ ಬಳಿಗೇ ಒಯ್ಯುತ್ತಾರೆ. ಅವರು ಸಹಿ ಮಾಡಿದರೆ ನಿಮ್ಮ ಅಧಿಕಾರಕ್ಕೆ ಅಡ್ಡ ಬಂದಂತೆ, ‘ಇನ್ನು ನನ್ನ ಬಳಿ ಬರಬೇಡಿ’ ಎಂದರೆ ಪ್ರತಿ ಬಾರಿಯೂ ತಮ್ಮ ಸೋಲನ್ನು ತಾವೇ ಘೋಷಿಸಿದಂತೆ. ಈ ಇಕ್ಕಟ್ಟಿನಿಂದ ಅವರನ್ನು ನೀವೇ ಪಾರು ಮಾಡಬೇಕು: ‘ರಜೆ, ಪಾಳಿ ಮತ್ತು ಖರೀದಿಯ ಅರ್ಜಿಗಳು ನಾಳೆಯಿಂದ ನನ್ನ ಬಳಿಗೆ ಬರಲಿ. ಪರೀಕ್ಷಾ ವರದಿಗಳ ತಾಂತ್ರಿಕ ಪರಿಶೀಲನೆ ಮತ್ತು ಸಹಿ ಮೊದಲಿನಂತೆಯೇ ಮೇಡಂ ಅವರದು. ಆ ವಿಷಯದಲ್ಲಿ ಅವರ ತೀರ್ಮಾನವನ್ನು ನಾನು ಬದಲಿಸುವುದಿಲ್ಲ.’ ಕೊನೆಯ ವಾಕ್ಯ ಯಾವ ಹೊಗಳಿಕೆಗಿಂತಲೂ ಹೆಚ್ಚು ಗೌರವ ಕೊಡುತ್ತದೆ. ಆದರೆ ಅದನ್ನು ಪಾಲಿಸಲು ಸಿದ್ಧರಿದ್ದರೆ ಮಾತ್ರ ಹೇಳಿ, ಮತ್ತು ಈ ಹಂಚಿಕೆಯನ್ನು ಖಾಸಗಿ ಭೇಟಿಯಲ್ಲೇ ಅವರಿಗೆ ತಿಳಿಸಿ ಒಪ್ಪಿಗೆ ಪಡೆದಿರಿ.

ಬದಲಾವಣೆಗಳನ್ನು ಮೊದಲ ದಿನವೇ ಘೋಷಿಸುವ ಸೆಳೆತ ಎಲ್ಲಿಂದ ಬರುತ್ತದೆ ಎಂಬುದನ್ನು ಅರಿತಿರುವುದು ಉಪಯುಕ್ತ. ಅಮೆರಿಕದ ಸಮಾಜಶಾಸ್ತ್ರಜ್ಞ ಆಲ್ವಿನ್ ಗೋಲ್ಡ್‌ನರ್ 1954ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜಿಪ್ಸಂ ಗಣಿ ಮತ್ತು ಕಾರ್ಖಾನೆಯೊಂದಕ್ಕೆ ಹೊರಗಿನಿಂದ ಬಂದ ಹೊಸ ವ್ಯವಸ್ಥಾಪಕರ ಪ್ರಸಂಗವಿದೆ. ಉತ್ಪಾದನೆ ಹೆಚ್ಚಿಸಬೇಕೆಂಬ ಒತ್ತಡ ಅವರ ಮೇಲೆ ಮುಖ್ಯ ಕಚೇರಿಯಿಂದಿತ್ತು. ಹಿಂದಿನವರಿಗೆ ಕೆಲಸಗಾರರೊಡನೆ ಇದ್ದ ಸಲುಗೆಯಾಗಲಿ, ಹಳೆಯ ಮೇಲ್ವಿಚಾರಕರ ಬೆಂಬಲವಾಗಲಿ ಅವರಿಗಿರಲಿಲ್ಲ. ಪರಿಚಯದಿಂದ ಆಗಬಹುದಾಗಿದ್ದ ಕೆಲಸವನ್ನು ಅವರು ನಿಯಮಗಳನ್ನು ಬಿಗಿಗೊಳಿಸಿ ಮಾಡಿಸಲು ಹೊರಟರು. ಕೆಲಸಗಾರರು ಹಿಂದಿನವರ ಕಾಲವನ್ನು ಆದರ್ಶವೆಂಬಂತೆ ನೆನೆಯತೊಡಗಿದರು. ಹೊಸ ಮುಖ್ಯಸ್ಥರಿಗೆ ಸಂಬಂಧದ ಬಲ ಇಲ್ಲದಷ್ಟೂ ಸುತ್ತೋಲೆಗಳ ಮೇಲೆ ಒರಗುವ ಪ್ರವೃತ್ತಿ ಹೆಚ್ಚುತ್ತದೆ, ಅದು ದೂರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ತಂಡ ಬೇರೊಬ್ಬರನ್ನು ನಿರೀಕ್ಷಿಸಿದ್ದಾಗ ಈ ಸೆಳೆತ ದುಪ್ಪಟ್ಟಾಗಿರುತ್ತದೆ, ಏಕೆಂದರೆ ತಾನೇ ಮುಖ್ಯಸ್ಥನೆಂದು ತೋರಿಸಿಕೊಳ್ಳುವ ಅವಸರವೂ ಅದಕ್ಕೆ ಸೇರುತ್ತದೆ. ಸುರಕ್ಷತೆಗೋ ಕಾನೂನಿಗೋ ಸಂಬಂಧಿಸಿದ ತುರ್ತು ಬದಲಾವಣೆಯಿದ್ದರೆ ಅದೊಂದನ್ನು ಕಾರಣಸಮೇತ ಹೇಳಿ, ಉಳಿದದ್ದನ್ನು ಬಿಡಿ.

ಮಾತನ್ನು ಮುಗಿಸುವುದು ಮುಂದಿನ ಕಾರ್ಯಕ್ರಮದಿಂದ: ಮುಂದಿನ ಎರಡು ವಾರಗಳಲ್ಲಿ ಪ್ರತಿಯೊಬ್ಬರೊಡನೆ ಇಪ್ಪತ್ತು ನಿಮಿಷ ಕುಳಿತುಕೊಳ್ಳುವಿರಿ, ಅದರ ಪಟ್ಟಿ ಸಂಜೆ ಬರುತ್ತದೆ, ಆಗ ಕೇಳುವುದು ಅವರ ಕೆಲಸದ ಬಗ್ಗೆ. ಒಂದೇ ಕುಟುಂಬ, ಒಂದೇ ದೋಣಿ ಎಂಬ ಮಾತುಗಳು ಬೇಡ.

ಪ್ರಶ್ನೆಗಳು

ಪ್ರಶ್ನೆಗಳಿದ್ದರೆ ಕೇಳಿ ಎಂದ ಮೇಲೆ ಸುಮಾರು ಹದಿನೈದು ಸೆಕೆಂಡು ಸುಮ್ಮನಿರಿ. ಆ ಮೌನವನ್ನು ತುಂಬಲು ಹೊಸ ಮುಖ್ಯಸ್ಥರು ಆಡುವ ಮಾತುಗಳಲ್ಲೇ ಯೋಚಿಸದ ಭರವಸೆಗಳು ಹೊರಬೀಳುತ್ತವೆ. ಪ್ರಶ್ನೆಗಳು ಬರದಿದ್ದರೆ ವಂದಿಸಿ ಮುಗಿಸಿ. ಮೌನವನ್ನು ವಿರೋಧವೆಂದು ತಿಳಿಯಬೇಕಾಗಿಲ್ಲ. ನಿರೀಕ್ಷಿತ ವ್ಯಕ್ತಿ ಎದುರಿಗಿರುವಾಗ ಹೊಸಬರಿಗೆ ಮೊದಲ ಪ್ರಶ್ನೆ ಕೇಳುವವರಾಗಲು ಯಾರೂ ಬಯಸುವುದಿಲ್ಲ.

‘ಮೇಡಂಗೆ ಯಾಕೆ ಸಿಗಲಿಲ್ಲ ಸರ್?’ ಎಂದು ಯಾರಾದರೂ ನೇರವಾಗಿ ಕೇಳಿದರೆ, ಅದು ನಿಷ್ಠೆಯ ಪ್ರಶ್ನೆ, ಉದ್ಧಟತನದ್ದಲ್ಲ. ‘ಅದಕ್ಕೆ ಉತ್ತರ ನನ್ನ ಬಳಿ ಇಲ್ಲ. ಇದ್ದಿದ್ದರೂ ಅವರ ಒಪ್ಪಿಗೆಯಿಲ್ಲದೆ ಅವರ ವಿಷಯವನ್ನು ಇಲ್ಲಿ ಚರ್ಚಿಸುತ್ತಿರಲಿಲ್ಲ. ಆಯ್ಕೆಯ ಕ್ರಮದ ಬಗ್ಗೆ ಕೇಳಬೇಕಿದ್ದರೆ ಈ ಅಧಿಕಾರಿಯನ್ನು ಕೇಳಬಹುದು’ ಎಂದು ಹೇಳಿ, ಮೊದಲೇ ಗೊತ್ತುಮಾಡಿಕೊಂಡ ಹೆಸರನ್ನು ಕೊಡಿ. ಆಯ್ಕೆ ಸಮಿತಿಯನ್ನು ಸಮರ್ಥಿಸಲು ಹೊರಟರೆ ಮೇಡಂ ಅವರ ಕೊರತೆಗಳನ್ನು ಎಣಿಸಬೇಕಾಗುತ್ತದೆ, ಟೀಕಿಸಲು ಹೊರಟರೆ ನಿಮ್ಮ ನೇಮಕವನ್ನೇ ಅಲ್ಲಗಳೆಯಬೇಕಾಗುತ್ತದೆ. ಎರಡೂ ಕೂಡದು.

‘ನಮ್ಮ ಕೆಲಸ ನಿಮಗೆ ಗೊತ್ತಿದೆಯೇ?’ ಎಂಬ ಪ್ರಶ್ನೆಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಹೆಸರಿಸಿ ಹೇಳಿ: ಮಾದರಿ ಸಂಗ್ರಹದ ಕ್ರಮ ಗೊತ್ತು, ಇಲ್ಲಿನ ಉಪಕರಣಗಳ ಮಾಪನ ಹೊಂದಾಣಿಕೆ ಗೊತ್ತಿಲ್ಲ, ಅದನ್ನು ಇಂಥವರಿಂದ ಕಲಿಯುತ್ತೇನೆ ಎಂದು.

ಯಾರಾದರೂ ನಿಮ್ಮನ್ನು ದಾಟಿ, ‘ಮೇಡಂ, ನೀವೇನು ಹೇಳುತ್ತೀರಿ?’ ಎಂದು ಅವರ ಕಡೆಗೇ ತಿರುಗುವ ಸಂದರ್ಭಕ್ಕೂ ಸಿದ್ಧರಾಗಿರಿ. ತಕ್ಷಣ, ದನಿ ಏರಿಸದೆ, ‘ಇಂದಿನ ಪ್ರಶ್ನೆಗಳಿಗೆ ಉತ್ತರ ಹೇಳುವ ಹೊಣೆ ನನ್ನದು, ಅವರಿಗೆ ಆ ಭಾರ ಬೇಡ’ ಎಂದು ಅದನ್ನು ನಿಮ್ಮ ಕಡೆಗೆ ತೆಗೆದುಕೊಳ್ಳಿ. ಅವರೇ ಮಾತನಾಡಲು ಬಯಸಿದರೆ ತಡೆಯಬೇಡಿ, ಮತ್ತು ಅವರ ಮಾತಿನ ಮೇಲೆ ವ್ಯಾಖ್ಯಾನ ಮಾಡಬೇಡಿ.

ಸಭೆಯ ನಂತರದ ಎರಡು ವಾರ

ಅಂದೇ ಸಂಜೆ, ಸಭೆಯಲ್ಲಿ ಹೇಳಿದ ದಿನಾಂಕಗಳನ್ನು ಮತ್ತು ಸಹಿಯ ಹಂಚಿಕೆಯನ್ನು ಹತ್ತು ಸಾಲುಗಳಲ್ಲಿ ಬರೆದು ಎಲ್ಲರಿಗೂ ಕಳುಹಿಸಿ. ಒಬ್ಬೊಬ್ಬರ ಭೇಟಿಯನ್ನು ಅತಿ ಕಿರಿಯರಿಂದ ಅಥವಾ ಪಾಳಿಯ ಕ್ರಮದಿಂದ ಆರಂಭಿಸಿ. ಮೇಡಂಗೆ ಹತ್ತಿರದವರಿಂದ ಆರಂಭಿಸಿದರೆ ಓಲೈಕೆಯಂತೆ, ಅವರನ್ನು ಕೊನೆಗಿಟ್ಟರೆ ಶಿಕ್ಷೆಯಂತೆ ಕಾಣುತ್ತದೆ.

ಮೊದಲ ಮಾತು ನಾಟಿದೆಯೇ ಎಂಬುದನ್ನು ಯಾರನ್ನೂ ಕೇಳದೆ ತಿಳಿಯಬಹುದು. ರಜೆಯ ಅರ್ಜಿಗಳು ಯಾವ ಮೇಜಿಗೆ ಹೋಗುತ್ತಿವೆ ನೋಡಿ. ಮೊದಲ ಕೆಲವು ದಿನ ಮೇಡಂ ಬಳಿಗೆ ಹೋಗುವುದು ಅಭ್ಯಾಸ. ಎರಡನೆಯ ವಾರದಲ್ಲೂ ಹೋಗುತ್ತಿದ್ದರೆ ನಿಮ್ಮ ಹಂಚಿಕೆ ಸ್ಪಷ್ಟವಾಗಿಲ್ಲ, ಇಲ್ಲವೇ ಯಾರೋ ಅದನ್ನು ಒಪ್ಪಿಲ್ಲ. ಕೆಟ್ಟ ಸುದ್ದಿ ನಿಮಗೆ ಯಾರ ಮೂಲಕ ತಲುಪುತ್ತದೆ ಎಂಬುದು ಎರಡನೆಯ ಸೂಚನೆ. ಮಾದರಿಯೊಂದು ಹಾಳಾದದ್ದು ಮೇಲಧಿಕಾರಿಗೆ ಗೊತ್ತಾದ ಮೇಲೆ ನಿಮಗೆ ಗೊತ್ತಾದರೆ, ತಂಡ ಇನ್ನೂ ನಿಮ್ಮನ್ನು ಸುತ್ತುಬಳಸಿ ಹೋಗುತ್ತಿದೆ. ಆಗ ಮತ್ತೊಂದು ಸಭೆ ಕರೆದು ಭಾಷಣ ಮಾಡುವುದರಿಂದ ಪ್ರಯೋಜನವಿಲ್ಲ. ಆ ಮಾದರಿಯನ್ನು ನೋಡಿಕೊಳ್ಳುತ್ತಿದ್ದವರನ್ನು ಕರೆದು, ಗದರದೆ, ಇಂಥ ಸುದ್ದಿ ಮೊದಲು ಯಾರಿಗೆ ಬರಬೇಕು ಎಂಬುದನ್ನು ಅವರೊಬ್ಬರಿಗೇ ಹೇಳಿ.

ನಿರೀಕ್ಷಿತ ವ್ಯಕ್ತಿ ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತ ನಿಮ್ಮೊಡನೆ ಅಗತ್ಯದಷ್ಟೇ ಮಾತನಾಡುತ್ತಿದ್ದರೆ, ಅದನ್ನು ಹಾಗೆಯೇ ಇರಲು ಬಿಡಿ. ಸಲುಗೆಯನ್ನು ಒತ್ತಾಯದಿಂದ ತರಲಾಗುವುದಿಲ್ಲ, ಮತ್ತು ಎರಡು ವಾರ ಅದಕ್ಕೆ ಸಾಲುವ ಅವಧಿಯೂ ಅಲ್ಲ. ಆದರೆ ಅವರ ತಾಂತ್ರಿಕ ಸಹಿಯನ್ನು ಪ್ರಶ್ನಿಸಿ ಹೊರಗಿನಿಂದ ಮೊದಲ ದೂರು ಬಂದಾಗ, ಪರಿಶೀಲನೆ ಮುಗಿಯುವವರೆಗೆ ಅವರ ತೀರ್ಮಾನವೇ ವಿಭಾಗದ ತೀರ್ಮಾನವೆಂದು ನಿಮ್ಮ ಹೆಸರಿನಲ್ಲಿ ಉತ್ತರ ಬರೆದು, ಅದರ ಪ್ರತಿಯನ್ನು ಅವರಿಗೂ ಕಳುಹಿಸಿ.